ಹನ್ನೆರಡನೆಯ ಸಾಲು

ನಮ್ಮ ಮನೆಯಲ್ಲಿ ಜಗಳಕ್ಕೆ ಹದಿನಾಲ್ಕು ಸಾಲು. ಹದಿಮೂರಕ್ಕೆ ಮುಗಿಸುವಂತಿಲ್ಲ, ಹದಿನೈದಕ್ಕೆ ಹೋಗುವಂತಿಲ್ಲ. ಬೇರೆಯವರ ಮನೆಗಳಲ್ಲಿ ಹೀಗಿಲ್ಲ ಎಂಬುದು ನನಗೆ ಗೊತ್ತಾದದ್ದು ಐದನೆಯ ಇಯತ್ತೆಯಲ್ಲಿದ್ದಾಗ, ಒಬ್ಬ ಗೆಳತಿಯ ಮನೆಯಲ್ಲಿ. ಅವಳ ಅಪ್ಪ, ಅವ್ವ ನಲವತ್ತು ನಿಮಿಷ ಜಗಳವಾಡಿದರು. ಮೊದಲು ಗ್ಯಾಸ್ ಸಿಲಿಂಡರಿನಿಂದ ಶುರುವಾದದ್ದು ಯಾರದೋ ಮದುವೆಯ ಸೀರೆಗೆ ಹೋಗಿ, ಅಲ್ಲಿಂದ ಸತ್ತ ಎಮ್ಮೆಗೆ ಹೋಗಿ, ಕೊನೆಗೆ ಯಾಕೆ ಶುರುವಾಯಿತೆಂದು ಇಬ್ಬರಿಗೂ ನೆನಪಿಲ್ಲದೆ ಊಟಕ್ಕೆ ಕೂತರು. ಮನೆಗೆ ಬಂದು ಡೈರಿಯಲ್ಲಿ ಬರೆದುಕೊಂಡೆ: ಜಗಳ ಒಂದು, ವಿಷಯ ಏಳು, ತೀರ್ಮಾನ ಸೊನ್ನೆ. ಆ ಡೈರಿಗಳು ಈಗಲೂ ನನ್ನ ಹತ್ತಿರ ಇವೆ. ಈ ಅಧ್ಯಾಯ ಬರೆಯುವಾಗ ಅವುಗಳಲ್ಲಿ ಒಂದನ್ನು, ಒಂಬತ್ತನೆಯ ಇಯತ್ತೆ ಮುಗಿದ ಬೇಸಿಗೆ ರಜೆಯದನ್ನು, ತೆರೆದಿಟ್ಟುಕೊಂಡಿದ್ದೇನೆ. ಅದರಲ್ಲಿ ಒಂದು ಸುಳ್ಳಿದೆ. ಉಳಿದದ್ದೆಲ್ಲ ಲೆಕ್ಕ ಸರಿಯಾಗಿದೆ.

ನಮ್ಮ ಮನೆ ಮಹಾರಾಷ್ಟ್ರದ ಗಡಿಯೂರಾದ ಇಚಲಕರಂಜಿಯಲ್ಲಿ. ಮುಂದೆ ಎರಡು ಕೋಣೆ, ನಡುವೆ ಅಡುಗೆಮನೆ, ಹಿಂದೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ನಾಲ್ಕು ಪಾವರ್‌ಲೂಮ್ ಮಗ್ಗ. ಮುಂಜಾನೆ ಏಳಕ್ಕೆ ಅಪ್ಪ ಸ್ವಿಚ್ ಹಾಕಿದರೆಂದರೆ ಗೋಡೆ, ಪಾತ್ರೆ, ನನ್ನ ಕಂಪಾಸ್ ಪೆಟ್ಟಿಗೆ ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ಅಡುಗೆಮನೆಯ ಮೂಲೆಯಲ್ಲಿ ಅವ್ವನ ಕಾಂಡಿ ಯಂತ್ರ. ಅಡ್ಡ ನೂಲನ್ನು ಸಣ್ಣ ಕೊಳವೆಗೆ ಸುತ್ತುವ ಕೆಲಸ ಅದು. ಸುತ್ತಿದ ಕೊಳವೆಯೇ ಕಾಂಡಿ, ಅದು ಲಾಳಿಯೊಳಗೆ ಕೂತು ಮಗ್ಗದ ಮೇಲೆ ಓಡಾಡುತ್ತದೆ. ಅವ್ವ ಒಂದು ಕೈಯಿಂದ ಕಾಂಡಿ ತುಂಬುತ್ತ ಇನ್ನೊಂದು ಕೈಯಿಂದ ಒಲೆಯ ಮೇಲಿನ ಸಾರು ತಿರುವುತ್ತಿದ್ದಳು. ಮಾತಾಡುವುದೆಂದರೆ ಕೂಗುವುದು. ಮಧ್ಯಾಹ್ನ ಒಂದಕ್ಕೆ ಅಪ್ಪ ಮಗ್ಗ ನಿಲ್ಲಿಸುತ್ತಿದ್ದರು, ಒಂದು ತಾಸು. ಆಗ ಇದ್ದಕ್ಕಿದ್ದಂತೆ ಇಡೀ ಮನೆಗೆ ಕಿವಿ ಬರುತ್ತಿತ್ತು. ಊಟ ಮುಗಿಸಿ ಅಪ್ಪ ಶೆಡ್ಡಿನ ಕಟ್ಟೆಯ ಮೇಲೆ ಕೂರುತ್ತಿದ್ದರು, ಅವ್ವ ಎರಡು ಕಪ್ಪು ಚಹಾ ತಂದು ಪಕ್ಕದಲ್ಲಿ ಕೂರುತ್ತಿದ್ದಳು. ಅವರು ಏನು ಮಾತಾಡುತ್ತಿದ್ದರೋ ನಾನು ಬರೆದುಕೊಂಡಿಲ್ಲ. ಲೆಕ್ಕಕ್ಕೆ ಬರುವಂಥದ್ದು ಏನೂ ಇರಲಿಲ್ಲ ಎಂದುಕೊಂಡಿದ್ದೆ.

ಹದಿನಾಲ್ಕು ಸಾಲಿನ ನಿಯಮ ತಂದವರು ಅಪ್ಪನ ಅಪ್ಪ, ನಮ್ಮ ಅಜ್ಜ. ಗಡಹಿಂಗ್ಲಜ ಸುತ್ತಿನ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ, ಅಜ್ಜಿ ತೀರಿಹೋದ ಮೇಲೆ ಒಂದು ಟ್ರಂಕು ಪುಸ್ತಕ ಹೊತ್ತು ನಮ್ಮಲ್ಲಿಗೆ ಬಂದಿದ್ದರು. ಮಗ್ಗದ ಸದ್ದಿನಲ್ಲಿ ಮಗ, ಸೊಸೆ ಕೂಗಾಡುವುದನ್ನು ಮೂರು ವಾರ ಕೇಳಿದರಂತೆ. ನಾಲ್ಕನೆಯ ರವಿವಾರ, ಮಗ್ಗಕ್ಕೆ ರಜೆಯಿದ್ದ ದಿನ, ಊಟವಾದ ಮೇಲೆ ಹೇಳಿದರಂತೆ, ಇನ್ನು ಮೇಲೆ ಈ ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಸುನೀತದಲ್ಲಿ, ಅಂದರೆ ಹದಿನಾಲ್ಕು ಸಾಲಿನ ಪದ್ಯದಲ್ಲಿ, ಕೇಳಬೇಕು ಎಂದು. ಮೊದಲ ಎಂಟು ಸಾಲಿನಲ್ಲಿ ನಿನ್ನ ಮಾತು, ಒಂದೇ ಮಾತು. ಒಂಬತ್ತನೆಯ ಸಾಲಿನಲ್ಲಿ ತಿರುಗಬೇಕು. ನಿನ್ನೆದುರು ಕೂತವನ ಜಾಗಕ್ಕೆ ಹೋಗಿ ಅಲ್ಲಿಂದ ನೋಡಬೇಕು. ಅವನ ಮಾತಿನಲ್ಲಿ ನಿಜವಿರುವುದನ್ನು ನೀನೇ ಹೇಳಬೇಕು. ಕೊನೆಯ ಎರಡು ಸಾಲು ಎರಡನ್ನೂ ಕೇಳಿಸಿಕೊಂಡ ಮೇಲೆ ಉಳಿಯುವ ಮಾತು. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಒಟ್ಟು ಇಪ್ಪತ್ತು ಮಾತ್ರೆ. ಕೊನೆಗೆ ಪ್ರಾಸ: ನಾಲ್ಕು ನಾಲ್ಕು ಸಾಲಿನ ಮೂರು ಗುಂಪಿನಲ್ಲಿ ಒಂದು ಬಿಟ್ಟು ಒಂದಕ್ಕೆ, ಕೊನೆಯ ಎರಡು ಸಾಲಿಗೆ ಜೋಡಿಯಾಗಿ.

ಪ್ರಾಸಕ್ಕಾಗಿಯೋ ಮಾತ್ರೆಗಾಗಿಯೋ ತುರುಕಿದ ಮಾತಿಗೆ ಅಜ್ಜ ಜೊಳ್ಳು ಎನ್ನುತ್ತಿದ್ದರು. ಹಾಗೆ ಬರೆದ ಸುನೀತಕ್ಕೆ ಅರ್ಜಿ ಎಂದು ಹೆಸರು. ರವಿವಾರ ಊಟವಾದ ಮೇಲೆ ಅದನ್ನು ಓದುವಾಗ ಅಜ್ಜನ ಮುಂದೆ ಒಂದು ಬಟ್ಟಲು ಹುರಿದ ಶೇಂಗಾಕಾಯಿ. ಜೊಳ್ಳು ಸಿಕ್ಕಿತೆಂದರೆ ಕಾಗದದ ಮೇಲೆ ಆ ಮಾತಿನ ಮೇಲೆಯೇ ಒಂದು ಕಾಯಿ ಇಡುತ್ತಿದ್ದರು. ಎಲ್ಲ ಮುಗಿದ ಮೇಲೆ ಆ ಕಾಯಿಗಳನ್ನು ಎದುರಾಳಿ ಒಡೆದು ತಿನ್ನಬಹುದಿತ್ತು. ಅಜ್ಜ ತೀರ್ಪು ಹೇಳುತ್ತಿರಲಿಲ್ಲ. ಉತ್ತರ ಎದುರಾಳಿಯದೇ, ಸಂಜೆಯ ಚಹಾದೊಳಗೆ. ಹೌದೆಂದರೆ ಕಾರಣ ಬೇಕಿಲ್ಲ. ಇಲ್ಲವೆಂದರೆ ಅರ್ಜಿಯಲ್ಲಿರುವ ಒಂದು ಸಾಲನ್ನೇ ಬೆರಳಿಟ್ಟು ತೋರಿಸಿ ಇಲ್ಲವೆನ್ನಬೇಕು. ಒಂದು ವಿಷಯಕ್ಕೆ ವರ್ಷಕ್ಕೆ ಒಂದೇ ಅರ್ಜಿ. ಒಂದೇ ಒಂದು ರಿಯಾಯಿತಿ ಇತ್ತು: ಬರೆದವರು ಎಲ್ಲರ ಮುಂದೆ ತಾವೇ ಜೊಳ್ಳನ್ನು ಒಪ್ಪಿಕೊಂಡರೆ ಆ ಸಾಲನ್ನು ತೆಗೆದು ಮತ್ತೊಮ್ಮೆ ಓದಬಹುದು. ನಾನು ಕಂಡಂತೆ ಆವರೆಗೆ ಯಾರೂ ಅದನ್ನು ಬಳಸಿರಲಿಲ್ಲ.

ಈ ನಿಯಮ ಎಷ್ಟು ಕಠಿಣವೆಂದು ನಾನು ಏಳನೆಯ ಇಯತ್ತೆಯಲ್ಲಿ ಸೈಕಲ್ಲಿಗೆ ಅರ್ಜಿ ಬರೆದಾಗ ತಿಳಿಯಿತು. ಸೈಕಲ್ಲಿಗೆ ಪ್ರಾಸ ಸಿಗದೆ ಮೂರನೆಯ ಸಾಲಿಗೆ ಹೇಗೋ ಹಲ್ಲನ್ನು ತಂದಿದ್ದೆ. ಅಜ್ಜ ಅದರ ಮೇಲೆ ಕಾಯಿ ಇಟ್ಟು ಕೇಳಿದರು.

"ಗೌರೀ, ಇಲ್ಲಿ ಹಲ್ಲು ಯಾಕ ಬಂತು?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕಾಯಿ ಒಡೆದರು.

"ಬಿದ್ರ ಮುರೀತಾವಲ್ಲ, ಅದಕ ಬಂತು. ಮೂರನೇ ಸಾಲು. ಸೈಕಲ್ ಬ್ಯಾಡ."

ಡೈರಿಯಲ್ಲಿದೆ: ಜೊಳ್ಳು ಐದು, ಸೈಕಲ್ ಇಲ್ಲ. ಸಿಟ್ಟಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಆ ಬೇಸಿಗೆಯಲ್ಲಿ ಅರ್ಜಿ ಅವ್ವನದಾಗಿತ್ತು. ಹತ್ತನೆಯ ಇಯತ್ತೆ ಪಾಸಾಗಿ ಮದುವೆಯಾಗಿ ಬಂದವಳು ಅವಳು. ಕೊಲ್ಹಾಪುರದಲ್ಲಿ ಬಾಲವಾಡಿ ಶಿಕ್ಷಕಿಯರಿಗೆ ಒಂದು ವರ್ಷದ ತರಬೇತಿ ಇದೆ, ಹತ್ತನೆಯದು ಸಾಕು ಎಂದು ಯಾರಿಂದಲೋ ಕೇಳಿ, ನನ್ನನ್ನು ಕರೆದುಕೊಂಡು ಹೋಗಿ ಫಾರ್ಮ್ ತಂದಿದ್ದಳು. ಆ ದಿನ ಕೊಲ್ಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಯುತ್ತ ಫಾರ್ಮನ್ನು ನಾಲ್ಕು ಸಲ ತೆಗೆದು ನೋಡಿ ನಾಲ್ಕು ಸಲ ಮಡಚಿಟ್ಟಳು. ಕೊನೆಯ ದಿನಕ್ಕೆ ಎರಡು ವಾರ ಉಳಿದಿತ್ತು. ಮನೆಯಲ್ಲಿ ಬಾಯಿಮಾತಿನಲ್ಲಿ ಹೇಳಿದಾಗ ಅಪ್ಪ ಮಗ್ಗದ ಕಡೆ ತಿರುಗಿ ಒಂದೇ ಮಾತು ಕೂಗಿದರು.

"ಮತ್ತ ಕಾಂಡಿ ಯಾರ ತುಂಬೂದು? ನಿಮ್ಮ ಬಾಲವಾಡಿ ಹುಡುಗ್ರೇನ?"

"ಅರ್ಜಿ ಬರೀತೇನಿ," ಎಂದಳು ಅವ್ವ.

"ಬರಿ. ಆಗ ನೋಡೂಣಂತ."

ಅವಳು ಕಾಂಡಿ ತುಂಬುತ್ತ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಅವಳಿಗೆ ಬರೆಯಲು ಕೈ ಬಿಡುವಿರಲಿಲ್ಲ, ನನಗೆ ರಜೆ. ಏಳು ಕರಡು ಆದವು. ಮೊದಲ ಕರಡಿನಲ್ಲಿ ನಾನು ಐದರಿಂದ ಎಂಟನೆಯ ಸಾಲಿನೊಳಗೆ ಪಕ್ಕದ ಮನೆಯಾಕೆ ಕೆಲಸಕ್ಕೆ ಹೋಗುತ್ತಾಳೆ, ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೀಟು, ಮುಂದೆ ಸಂಬಳ ಬರುತ್ತದೆ ಎಂದು ಮೂರು ಕಾರಣ ತುಂಬಿದ್ದೆ. ಅವ್ವ ಮೂರನ್ನೂ ಹೊಡೆದುಹಾಕಿಸಿದಳು.

"ಅವೆಲ್ಲಾ ಖರೇನ ಅದಾವ. ಆದ್ರ ಅವಕ್ಕಾಗಿ ನಾ ಹೊಂಟಿಲ್ಲ. ನನ್ನ ಕೈ ಬರೇ ನೂಲು ಸುತ್ತಾಕ ಹುಟ್ಟಿಲ್ಲ, ಅಷ್ಟ ಬರಿ."

ಹಾಗೆ ಎಂಟು ಸಾಲೂ ಆ ಕೈಗಳ ಸುತ್ತಲೇ ನಿಂತವು. ಮೊದಲ ನಾಲ್ಕು ಹೀಗಿದ್ದವು:

ಹತ್ತನೆಯ ತರಗತಿಯ ಪುಸ್ತಕವ ಮುಚ್ಚಿದೆನು,
ಕಾಂಡಿಗಳ ತುಂಬುತ್ತ ಹದಿನಾರು ವರುಷಗಳು.
ಮಗಳ ಬರಹವ ನೋಡಿ ಕಣ್ತುಂಬ ಮೆಚ್ಚಿದೆನು,
ನನಗು ಇವೆ ಕೈಯೊಳಗೆ ಅಂಥವೇ ಬೆರಳುಗಳು.

ನಾಲ್ಕನೆಯ ಸಾಲು ಅವ್ವನದೇ, ನಾನು ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಅವಳು ಹೇಳಿದಳು, ನಾನು ಬೆರಳು ಮಡಚಿ ಎಣಿಸಿದೆ. ಇಪ್ಪತ್ತಕ್ಕೆ ಇಪ್ಪತ್ತು. ಕಾಂಡಿ ಯಂತ್ರ ತಿರುಗಿಸುವ ಲಯದಲ್ಲೇ ಹೇಳುತ್ತಿದ್ದಳೇನೋ.

ತೊಡಕಾದದ್ದು ತಿರುವಿನಲ್ಲಿ. ಒಂಬತ್ತನೆಯ ಸಾಲು ಸಲೀಸಾಗಿ ಬಂತು. ಹತ್ತನೆಯದಕ್ಕೆ ನಾನೇ ಅಪ್ಪ ಕೂಗಿದ್ದನ್ನು ಹಾಕಿದೆ: ಕಾಂಡಿ ತುಂಬುವರಾರು, ರೊಟ್ಟಿ ಬಡಿವವರಾರು. ಹನ್ನೊಂದನೆಯದಕ್ಕೆ, ಕೆಲಸ ಹಂಚಿಕೊಳ್ಳಬಹುದು ಎಂಬ ಸಮಾಧಾನ. ಹನ್ನೆರಡನೆಯದಕ್ಕೆ ಅವ್ವ ಒಂದು ಮಾತು ಹೇಳಿದ್ದಳು.

"ಒಂದರ ಹೊತ್ತಿಗೆ ಮಗ್ಗ ನಿಂತಾಗ ಅವ್ರು ಒಬ್ಬರೇ ಚಹಾ ಕುಡೀಬೇಕಾಗತದ, ಅದು ನನಗ ಗೊತ್ತೈತಿ ಅಂತ ಬರಿ."

ಅದು ಇಪ್ಪತ್ತು ಮಾತ್ರೆಗೆ ಕೂರಲಿಲ್ಲ. ಕೂತಾಗ ಪ್ರಾಸ ಸಿಗಲಿಲ್ಲ. ಹತ್ತನೆಯ ಸಾಲಿನ 'ವವರಾರು' ಎಂಬುದಕ್ಕೆ ಜೊತೆ ಬೇಕಿತ್ತು, ಚಹಾಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅಲ್ಲದೆ ಅರ್ಜಿಯಲ್ಲಿ ಚಹಾದ ಮಾತೇನು, ಅದೊಂದು ಸಣ್ಣ ವಿಷಯ ಎಂದು ನನಗನಿಸಿತು. ಶನಿವಾರ ಸಂಜೆ ಅವ್ವ ಸಂತೆಗೆ ಹೋಗಿದ್ದಾಗ ಆ ಜಾಗಕ್ಕೆ ಒಂದು ಸಾಲು ಹೊಂದಿಸಿ, ಚೊಕ್ಕ ಪ್ರತಿ ಮಾಡಿದೆ. ಮರುದಿನ ಊಟವಾದ ಮೇಲೆ ಓದಲು ಕೂತಾಗಲೇ ಅವಳು ಅದನ್ನು ಮೊದಲ ಸಲ ಕೇಳಿದ್ದು.

ಅಜ್ಜ ತಟ್ಟೆಯ ಅಂಚಿಗೆ ಬೆರಳು ಬಡಿಯುತ್ತ ಮಾತ್ರೆ ಎಣಿಸುತ್ತಿದ್ದರು. 'ಕಣ್ತುಂಬ'ದ ಮೇಲೆ ಒಂದು ಕಾಯಿ ಬಿತ್ತು.

"ಐದು ಮಾತ್ರೆ ಕಡಿಮಿ ಬಿತ್ತು, ಕಣ್ಣು ತುಂಬಿಸಿದಿ. ಮತ್ತ ವರುಷಗಳು, ಬೆರಳುಗಳು, ಇದು ಮೈಗಳ್ಳ ಪ್ರಾಸ. ಆದ್ರೂ ಬೆರಳು ಛಲೋ ಅದಾವ, ಬಿಟ್ಟೇನಿ."

ನಾನು ಮುಂದೆ ಓದಿದೆ.

ಆದರೂ ನೀವು ಕೇಳುವುದರಲಿ ತಪ್ಪಿಲ್ಲ:
ಕಾಂಡಿ ತುಂಬುವರಾರು, ರೊಟ್ಟಿ ಬಡಿವವರಾರು?
ಹಂಚಿಕೊಂಡರೆ ಕೆಲಸ ಯಾರಿಗೂ ಹೊರೆಯಲ್ಲ.
ನಿಮ್ಮ ಮಾತೇ ಕೊನೆಯು, ಅದ ಮೀರುವವರಾರು?

ಅಜ್ಜನ ಬೆರಳು ನಿಂತಿತು. ಒಂದು ಕಾಯಿ ಕೈಗೆ ತೆಗೆದುಕೊಂಡರು, ಆದರೆ ಇಡಲಿಲ್ಲ. ನನ್ನ ಮುಖ ನೋಡಿದರು.

"ಈ ಹನ್ನೆರಡನೇ ಸಾಲು ಯಾರದು?"

ಜೊಳ್ಳೆಂದು ಒಪ್ಪಿಕೊಂಡಿದ್ದರೆ ಎರಡನೆಯ ಕಾಯಿ ಬೀಳುತ್ತಿತ್ತು, ಅಷ್ಟೇ. ಆದರೆ ಏಳು ಕರಡು ಮಾಡಿ ಎರಡು ಜೊಳ್ಳು ಎಂದು ಡೈರಿಯಲ್ಲಿ ಬರೆಯುವುದು ನನಗೆ ಸಾಧ್ಯವಿರಲಿಲ್ಲ. ಬಿದ್ದರೆ ಒಂದೇ ಜೊಳ್ಳು ಎಂದು ಅಂದಾಜು ಮಾಡಿಟ್ಟಿದ್ದೆ.

"ಅವ್ವಂದು," ಎಂದೆ.

ಅವ್ವ ತಲೆಯೆತ್ತಿದಳು. ನನ್ನನ್ನು ನೋಡಿ ಮತ್ತೆ ತಟ್ಟೆಯ ಕಡೆ ಬಾಗಿದಳು. ಅಜ್ಜ ಕಾಯಿಯನ್ನು ಬಟ್ಟಲಿಗೆ ವಾಪಸು ಹಾಕಿದರು. ನಾನು ಕೊನೆಯ ಎರಡು ಸಾಲು ಓದಿ ಮುಗಿಸಿದೆ.

ಅಪ್ಪ ಸಂಜೆಯ ಚಹಾದವರೆಗೆ ಕಾಯಲಿಲ್ಲ. ಒಂದೇ ಕಾಯಿಯನ್ನು ಒಡೆದು ತಿಂದು, ಸಿಪ್ಪೆಯನ್ನು ಪಕ್ಕಕ್ಕಿಟ್ಟು, ಕಾಗದದ ಮೇಲೆ ಬೆರಳಿಟ್ಟರು.

"ಹನ್ನೆರಡನೇ ಸಾಲು. ನನ್ನ ಮಾತ ಕೊನೀದಂತ ಆಕೀನ ಹೇಳ್ಯಾಳ. ನನ್ನ ಮಾತು, ಬ್ಯಾಡ."

ಗೆದ್ದ ದನಿಯಲ್ಲಿ ಹೇಳಲಿಲ್ಲ. ಏನೋ ತಪ್ಪಿಸಿಕೊಂಡವರಂತೆ ಹೇಳಿದರು. ಎದ್ದು, ರಜೆಯ ದಿನವಾದರೂ ಶೆಡ್ಡಿಗೆ ಹೋಗಿ, ನಿಂತ ಮಗ್ಗಕ್ಕೆ ಎಣ್ಣೆ ಹಾಕತೊಡಗಿದರು. ಅವ್ವ ತಟ್ಟೆಗಳನ್ನು ಎತ್ತಿದಳು. ಫಾರ್ಮು ಡಬ್ಬಿಗಳ ಹಿಂದೆ ಇತ್ತು. ಅಲ್ಲಿಯೇ ಇರಲಿ ಎಂಬಂತೆ ಒಂದು ಡಬ್ಬಿಯನ್ನು ಅದರ ಮುಂದೆ ಸರಿಸಿದಳು. ಆ ಸಂಜೆ ನಾನು ಬರೆದದ್ದು: ಜೊಳ್ಳು ಒಂದು. ಹೇಳಿದೆನಲ್ಲ, ಆ ಡೈರಿಯಲ್ಲಿರುವ ಸುಳ್ಳು ಅದು.

ಮಂಗಳವಾರ ಅವ್ವ ಗಡಹಿಂಗ್ಲಜಕ್ಕೆ ತವರಿಗೆ ಹೋದಳು. ಸಿಟ್ಟಿನಿಂದಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಬಿತ್ತನೆಗೆ ಶೇಂಗಾ ಸುಲಿಯಲು ಹೋಗುತ್ತಿದ್ದಳು, ನಾಲ್ಕು ದಿನ. ಪ್ರತಿ ಸಲ ಜೊತೆಗೆ ಹೋಗುತ್ತಿದ್ದ ನಾನು ಈ ಸಲ ಅವಳಿಗೆ ಮುಖ ತೋರಿಸಲಾಗದೆ ಮನೆಯಲ್ಲೇ ಉಳಿದೆ. ಬುಧವಾರ ಒಂದಕ್ಕೆ ಮಗ್ಗ ನಿಂತಿತು. ನಾನು ಅಪ್ಪನಿಗೆ ಊಟ ಬಡಿಸಿ, ಚಹಾ ಮಾಡಿಕೊಟ್ಟು ಒಳಗೆ ಬಂದೆ. ಐದು ನಿಮಿಷಕ್ಕೆ ಮಗ್ಗ ಮತ್ತೆ ಶುರುವಾಯಿತು. ಗಡಿಯಾರ ನೋಡಿದೆ, ಒಂದು ಗಂಟೆ ಇಪ್ಪತ್ತೈದು ನಿಮಿಷ. ನನ್ನ ನೆನಪಿನಲ್ಲಿ ಅಪ್ಪ ಎರಡು ಗಂಟೆಗೆ ಮೊದಲು ಸ್ವಿಚ್ ಹಾಕಿದ್ದೇ ಇಲ್ಲ. ಹೋಗಿ ನೋಡಿದರೆ ಕಟ್ಟೆಯ ಮೇಲೆ ಕಪ್ಪು ಹಾಗೆಯೇ ಇತ್ತು, ಅರ್ಧ ತುಂಬಿ. ಆಗ ಅವ್ವ ಹೇಳಿದ, ನಾನು ಬಿಟ್ಟ ಆ ಸಾಲು ನೆನಪಾಯಿತು. ಅದು ಸಣ್ಣ ವಿಷಯವಲ್ಲ ಎಂಬುದು ನನಗೆ ಅಲ್ಲಿ, ಆ ತಣ್ಣಗಾದ ಚಹಾದ ಮುಂದೆ ತಿಳಿಯಿತು. ಅಪ್ಪ ಬೇಡವೆಂದದ್ದು ಕಾಂಡಿಗಾಗಿ ಅಲ್ಲವೇ ಅಲ್ಲ.

ನಾನು ಹೋಗಿ ಅಜ್ಜನ ಮುಂದೆ ನಿಂತೆ.

"ಅಜ್ಜಾ, ನಾಳಿ ಗಡಹಿಂಗ್ಲಜಕ ಹೋಗೂಣೇನು?"

"ಯಾಕ?"

"ಶೇಂಗಾ ಸುಲ್ಯಾಕ."

"ಹನ್ನೆರಡು ಕಾಳೇನ?" ಎಂದರು ಅಜ್ಜ. ಮರುದಿನ ನಿಪ್ಪಾಣಿಯ ಮೇಲೆ ಹೋಗುವ ಎಸ್.ಟಿ. ಬಸ್ಸು ಹಿಡಿದೆವು. ಅಜ್ಜ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ನಿದ್ದೆ ಮಾಡಿದರು, ಅಥವಾ ಮಾಡಿದಂತೆ ಇದ್ದರು.

ಗಡಹಿಂಗ್ಲಜದ ಮನೆಯ ಪಡಸಾಲೆಯಲ್ಲಿ ಅವ್ವ, ಅವಳ ಅವ್ವ ಇಬ್ಬರೂ ಶೇಂಗಾ ರಾಶಿಯ ಎರಡು ಬದಿಗೆ ಕೂತಿದ್ದರು. ಬಿತ್ತನೆಯ ಕಾಯಿಯನ್ನು ಬಡಿದು ಸುಲಿಯುವಂತಿಲ್ಲ, ಕೈಯಿಂದಲೇ ಒಡೆಯಬೇಕು, ಕಾಳಿನ ಮೇಲಿನ ಕೆಂಪು ಸಿಪ್ಪೆ ಹರಿಯಬಾರದು. ಗಟ್ಟಿ ಕಾಳು ಮೊರಕ್ಕೆ, ಜೊಳ್ಳು ಬುಟ್ಟಿಗೆ. ಗಡಹಿಂಗ್ಲಜದ ಅಜ್ಜಿ ನನ್ನನ್ನು ಕಂಡು ಬೆಲ್ಲ ತರಲು ಒಳಗೆ ಹೋದಾಗ ನಾನು ಅವ್ವನ ಎದುರು ಕೂತು ಹೇಳಿದೆ.

"ಅವ್ವಾ, ಆ ಸಾಲು ನಂದು."

"ಗೊತ್ತೈತಿ."

"ಮತ್ತ ಅಲ್ಲೇ ಯಾಕ ಹೇಳ್ಲಿಲ್ಲ?"

"ನೀ ನನ್ನ ಹೆಸರ ಹೇಳಿದ್ದಿ. ನಾ ಅಲ್ಲ ಅಂದಿದ್ರ ಎಲ್ಲಾರ ಮುಂದ ನೀ ಸುಳ್ಳಗಳ್ಳಿ ಆಗ್ತಿದ್ದಿ." ಅವಳು ಒಂದು ಕಾಯಿ ಒಡೆದು ನೋಡಿ ಬುಟ್ಟಿಗೆ ಎಸೆದಳು. "ಅದಲ್ದ, ಏಳು ಸರತಿ ಬರದಿದ್ದಿ. ಬೆರಳು ನೊಂದಿದ್ದು ನೋಡಿದ್ನಿ."

ನಾನು ಅತ್ತೆನೆಂದು ಡೈರಿಯಲ್ಲಿಲ್ಲ. ಅತ್ತಿದ್ದೆ. ಅವ್ವ ಶೇಂಗಾದ ಧೂಳಿನ ಕೈಯಿಂದಲೇ ನನ್ನ ಮುಖ ಒರೆಸಿ ಇನ್ನಷ್ಟು ಹೊಲಸು ಮಾಡಿದಳು. ಕಟ್ಟೆಯ ಮೇಲಿನ ಅರ್ಧ ಕಪ್ಪಿನ ವಿಷಯ ಹೇಳಿದೆ. ಅವಳ ಕೈ ನಿಂತಿತು.

"ಒಂದೂವರಿಗೇ ಚಾಲೂ ಮಾಡಿದ್ರಾ?"

"ಒಂದು ಇಪ್ಪತ್ತೈದಕ್ಕ."

ಬಾಗಿಲಲ್ಲಿ ನಿಂತಿದ್ದ ಅಜ್ಜ ಗಂಟಲು ಸರಿಮಾಡಿಕೊಂಡರು.

"ನೀಲವ್ವಾ, ಕೂಸು ಒಪ್ಪಿಕೊಂಡೈತಿ. ರವಿವಾರ ಎಲ್ಲಾರ ಮುಂದ ಒಪ್ಪಿಕೊಂಡ್ರ ಸಾಲು ತಗೀಬಹುದು. ನಿಯಮ ಐತಿ."

"ಫಾರ್ಮ್ ಕೊಡಾಕ ಸೋಮವಾರ ಕಡೀ ದಿನಾರಿ, ಮಾಂವಾರ," ಎಂದಳು ಅವ್ವ.

"ಹಂಗಾರ ಸುಲೀರಿ," ಎಂದು ಅಜ್ಜ ಚಾಪೆ ಎಳೆದುಕೊಂಡು ಕೂತರು.

ಆ ಮಧ್ಯಾಹ್ನವೆಲ್ಲ ನಾವು ಆ ಪಡಸಾಲೆಯಲ್ಲಿ ಕೆಲಸ ಮಾಡಿದೆವು. ನಾನು ನೆಲದ ಮೇಲೆ ಕಾಳುಗಳನ್ನು ಐದೈದರಂತೆ ನಾಲ್ಕು ಗುಂಪು ಇಟ್ಟೆ. ಹ್ರಸ್ವಕ್ಕೆ ಒಂದು ಕಾಳು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಸೊನ್ನೆ ಇದ್ದದ್ದಕ್ಕೂ ಎರಡು. ಸಾಲೊಂದು ಕೂತಿತೆಂದರೆ ಇಪ್ಪತ್ತು ಕಾಳು ಮೊರಕ್ಕೆ. ಒಂದು ಸಾಲು ತೆಗೆದರೆ ಸಾಲದೆಂಬುದು ಬೇಗನೆ ತಿಳಿಯಿತು. ಹನ್ನೆರಡನೆಯದು ಹೋದರೆ ಅದರ ಪ್ರಾಸದ ಜೊತೆ ಹತ್ತನೆಯದೂ ಸಡಿಲವಾಗುತ್ತದೆ. ಹತ್ತರ ಕಾಂಡಿ, ರೊಟ್ಟಿ ಹೋದರೆ ಅವಕ್ಕೆ ಸಮಾಧಾನ ಹೇಳುವ ಹನ್ನೊಂದಕ್ಕೆ ಕೆಲಸವೇ ಇಲ್ಲ.

"ಕಾಂಡಿ ಬಿಟ್ರ ಅಪ್ಪ ಅದನ್ನ ಕೇಳ್ತಾರಲ್ಲ," ಎಂದೆ.

"ಕಾಂಡಿ ತುಂಬಾಕ ಎದುರ ಮನಿಯಾಕಿ ಬರ್ತಾಳ. ಅದಕ ಪದ್ಯ ಯಾಕ ಬೇಕು? ಅವ್ರ ಬಾಯಿಲೆ ಬಂದದ್ದಲ್ಲ, ಹೊಟ್ಟ್ಯಾಗ ಇದ್ದದ್ದು ಬರಿ."

ಅಜ್ಜ ತಲೆ ಅಲ್ಲಾಡಿಸಿದರು. ಮಾಸ್ತರಿಕೆಯಲ್ಲಿ ಇಷ್ಟು ವರ್ಷ ತಿರುವೆಂದರೇನೆಂದು ಹೇಳಿಕೊಟ್ಟೆ, ಹೀಗೆ ಹೇಳಲು ಹೊಳೆಯಲಿಲ್ಲ ಎಂದರು.

ಚಹಾಕ್ಕೆ ಪ್ರಾಸ ಹುಡುಕುವುದೇ ನನ್ನ ತಪ್ಪಾಗಿತ್ತು. ಅವ್ವನ ಮಾತನ್ನು ತಿರುಗಿಸಿ ಕೂರಿಸಿದಾಗ ಚಹಾ ಸಾಲಿನ ನಡುವೆ ಸರಿಯಿತು, ತುದಿಗೆ 'ನಿಂತಿರುವಾಗ', 'ಕೂತಾಗ' ತಾವಾಗಿ ಬಂದವು. ಮೂರನೆಯ ಸಾಲಿನ 'ಕಣ್ತುಂಬ'ವನ್ನೂ ತೆಗೆಯಬೇಕೆಂದಾಗ ಅವ್ವ ಕೈಯಲ್ಲಿದ್ದ ಕಾಯಿ ಒಡೆದು ಕಾಳನ್ನು ಮೊರಕ್ಕೆ ಹಾಕಿದಳು.

"ಕದ್ದು ಓದುತ್ತ ಅಂತ ಬರಿ. ಅದು ಖರೆ."

"ಏನ ಕದ್ದು ಓದಿದಿ?"

"ನಿನ್ನ ಡೈರಿ."

"ಅವ್ವಾ!"

"ಅದರಾಗ ಏನೈತಿ ಮುಚ್ಚಿಡೂವಂಥಾದ್ದು? ಬರೇ ಲೆಕ್ಕ. ರೊಟ್ಟಿ ಎಷ್ಟ ತಿಂದ್ನಿ, ಜಗಳ ಎಷ್ಟ ನಿಮಿಷ ಆತು. ಅಕ್ಷರ ಮಾತ್ರ ಭಾಳ ಚೆಂದ ಅದಾವ."

ಅಜ್ಜ ನಗುತ್ತ ಕಾಳು ಎಣಿಸಿದರು. 'ಮಗಳ ಬರಹವ ಕದ್ದು ಓದುತ್ತ ಮೆಚ್ಚಿದೆನು.' ಇಪ್ಪತ್ತು.

ರವಿವಾರ ಊಟವಾಯಿತು. ಅಜ್ಜ ಬಟ್ಟಲು ತಂದಿಟ್ಟರು. ಅಪ್ಪ ಎದುರು ಗೋಡೆಗೆ ಒರಗಿ ಕೂತಿದ್ದರು.

"ಅಪ್ಪಾ, ಹೋದ ವಾರದ ಹನ್ನೆರಡನೇ ಸಾಲು ಅವ್ವಂದಲ್ಲ. ನಂದು. ಪ್ರಾಸಕ್ಕ ಹಾಕಿದ್ದೆ. ಅಜ್ಜ ಕೇಳಿದಾಗ ಸುಳ್ಳ ಹೇಳಿದ್ನಿ."

ಅಪ್ಪ ನನ್ನನ್ನೂ ಅವ್ವನನ್ನೂ ನೋಡಿದರು.

"ಅಂದ್ರ ನನ್ನ ಮಾತು ಕೊನೀದಲ್ಲ?"

"ಯಾವಾಗರೆ ಇತ್ತೇನ್ರಿ?" ಎಂದಳು ಅವ್ವ.

ಅಜ್ಜ ತಟ್ಟೆಯ ಅಂಚು ಬಡಿದರು. ನಾನು ಓದಿದೆ. ಎಂಟು ಸಾಲಿಗೆ ಒಂದು ಕಾಯಿಯೂ ಬೀಳಲಿಲ್ಲ. ಒಂಬತ್ತಕ್ಕೆ ಬಂದೆ.

ಆದರೂ ನೀವು ಕೇಳುವುದರಲಿ ತಪ್ಪಿಲ್ಲ:
ಕಾಂಡಿಗಿಂತಲು ಹೆಚ್ಚು, ಮಗ್ಗ ನಿಂತಿರುವಾಗ
ಸದ್ದಿರದ ಆ ಹೊತ್ತು ನಿಮಗೆ ಸೇರುವುದಿಲ್ಲ,
ಕಟ್ಟೆಯಲಿ ಒಬ್ಬರೇ ಚಹ ಹಿಡಿದು ಕೂತಾಗ.
ಐದಕ್ಕೆ ಬಂದೊಡನೆ ನಾನೆ ಒಲೆ ಹಚ್ಚುವೆನು,
ಮುಚ್ಚಿಟ್ಟ ಪುಸ್ತಕವ ನಿಮ್ಮೆದುರು ಬಿಚ್ಚುವೆನು.

ಅಜ್ಜನ ಕೈ ಬಟ್ಟಲಿನ ಹತ್ತಿರವೂ ಹೋಗಿರಲಿಲ್ಲ. ಅಪ್ಪ ಶೆಡ್ಡಿನ ಬಾಗಿಲ ಕಡೆ ನೋಡುತ್ತಿದ್ದರು.

"ಇದು ಯಾರದು, ಈ ಕಟ್ಟಿ ಮ್ಯಾಲಿಂದು?"

"ನಂದು," ಎಂದಳು ಅವ್ವ.

"ಮೊದಲ ಯಾಕ ಹೇಳ್ಲಿಲ್ಲ?"

"ಹೇಳಿದ್ನಿ. ನಿಮ್ಮ ಮಗಳಿಗೆ ಪ್ರಾಸ ಸಿಗಲಿಲ್ಲಂತ."

ಅಪ್ಪ ಮುಂದೆ ಬಾಗಿ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಅವರು ಓದಿದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಹದಿಮೂರನೆಯ ಸಾಲಿನ ಮೇಲೆ ಬೆರಳು ನಿಂತಿತು. ಬೆರಳಿಟ್ಟರೆ ಇಲ್ಲವೆಂದೇ ಅರ್ಥ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಕಾಂಡಿಗೆ ನೂಲು ಸುತ್ತಿದಂತೆ. ಅಪ್ಪ ಬಟ್ಟಲಿನಿಂದ ಒಂದು ಶೇಂಗಾಕಾಯಿ ತೆಗೆದು 'ನಾನೆ' ಎಂಬ ಮಾತಿನ ಮೇಲೆ ಇಟ್ಟರು. ಇಷ್ಟು ವರ್ಷಗಳಲ್ಲಿ ಅಜ್ಜನ ಹೊರತು ಯಾರೂ ಕಾಯಿ ಇಟ್ಟದ್ದಿಲ್ಲ.

"ಅಪ್ಪಾ, ಇದು ಜೊಳ್ಳ ಹೌದಲ್ರಿ?" ಎಂದು ಅಜ್ಜನನ್ನು ಕೇಳಿದರು. "ದಿನಾ ಕೊಲ್ಹಾಪುರಕ ಹೋಗಿ ಬಸ್ಸಿನ್ಯಾಗ ನಿಂತು ಬಂದಾಕಿ, ಮತ್ತ ಆಕೀನ ಯಾಕ ಒಲಿ ಹಚ್ಚಬೇಕು? ಐದಕ್ಕ ಚಹಾ ನಾ ಇಡತೇನಿ."

ಅಜ್ಜ ಕನ್ನಡಕ ಸರಿಮಾಡಿಕೊಂಡು ಸಾಲನ್ನು ನೋಡಿದರು. ನಾನು ಪೆನ್ಸಿಲಿನಿಂದ ಅಲ್ಲಿಯೇ ತಿದ್ದಿದೆ: 'ಐದಕ್ಕೆ ಬಂದೊಡನೆ ನೀವೆ ಒಲೆ ಹಚ್ಚುವಿರಿ.' ಮಾತ್ರೆ ಇಪ್ಪತ್ತೇ ಇತ್ತು. ಆದರೆ ಮುಂದಿನ ಸಾಲಿನ 'ಬಿಚ್ಚುವೆನು' ಜೊತೆಯಿಲ್ಲದೆ ನಿಂತಿತು. ಹಚ್ಚುವಿರಿ, ಬಿಚ್ಚುವೆನು. ಎಷ್ಟು ಸಲ ಓದಿದರೂ ಕೂಡಲಿಲ್ಲ.

"ಪ್ರಾಸ ಹೋತು, ಅಜ್ಜಾ."

"ಹೋಗ್ಲಿ ಬಿಡು," ಎಂದರು ಅಜ್ಜ.

ಅಪ್ಪ ಕಾಯಿ ಒಡೆದರು. ಎರಡು ಕಾಳಿದ್ದವು. ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಅವ್ವನ ಕಡೆ ಚಾಚಿದರು. ಅವ್ವ ಎದ್ದು ಡಬ್ಬಿ ಸರಿಸಿ ಫಾರ್ಮು ತೆಗೆದಳು.

ಮರುದಿನ ಫಾರ್ಮು ಕೊಡಲು ಅವಳು ಮುಂಜಾನೆ ಒಂಬತ್ತರ ಬಸ್ಸಿಗೆ ಹೋದಳು. ಒಂದು ಗಂಟೆಗೆ ಮಗ್ಗ ನಿಂತಾಗ ನಾನು ಚಹಾ ತೆಗೆದುಕೊಂಡು ಹೋಗಿ ಅಪ್ಪನ ಪಕ್ಕ ಕಟ್ಟೆಯ ಮೇಲೆ ಕೂತೆ. ಏನು ಮಾತಾಡಬೇಕೋ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ, ಆದರೂ ಎರಡರವರೆಗೆ ಕೂತೆವು. ಐದಕ್ಕೆ ಹತ್ತು ನಿಮಿಷವಿದ್ದಾಗ ಅಪ್ಪ ಕೈಗಂಟಿದ ಹತ್ತಿಯ ಎಳೆಗಳನ್ನು ಕೊಡವಿಕೊಂಡು ಅಡುಗೆಮನೆಗೆ ಬಂದರು. ಸಕ್ಕರೆಯ ಡಬ್ಬಿ ಯಾವುದೆಂದು ನನ್ನನ್ನು ಕೇಳಿದರು. ಆ ದಿನದ ಪುಟದಲ್ಲಿ ನಾನು ಇಷ್ಟೇ ಬರೆದಿದ್ದೇನೆ: ಚಹಾ ಐದು ಗಂಟೆ ನಾಲ್ಕು ನಿಮಿಷಕ್ಕೆ. ಸಕ್ಕರೆ ಹೆಚ್ಚು. ಅದರ ಹಿಂದಿನ ವಾರದ ಪುಟಕ್ಕೆ ಹೋಗಿ, 'ಜೊಳ್ಳು ಒಂದು' ಎಂಬಲ್ಲಿ ಒಂದನ್ನು ಹೊಡೆದು ಎರಡು ಮಾಡಿದ್ದೇನೆ.